ವರ್ಷಕ್ಕೆ ಎರಡು ಸಲ ಪ್ಯಾನೆಲ್ ಓರೆ ಬದಲಿಸುವುದು: ಮಾಡುವ ಕ್ರಮ, ಸಿಗುವ ಯೂನಿಟ್ಟು

ನಮ್ಮನೆ ಶಿರಸಿಯಿಂದ ಸ್ವಲ್ಪ ಒಳಗೆ. ಹಳೇ ಮನೆಗೆ ಹಂಚಿನ ಮಾಡು, ಪಕ್ಕಕ್ಕೆ ಆಮೇಲೆ ಕಟ್ಟಿದ ಎರಡು ಕೋಣೆಗೆ ಆರ್‌ಸಿಸಿ ತಾರಸಿ. ಆ ತಾರಸಿಯ ಮೇಲೆ 540 ವ್ಯಾಟಿನ ಆರು ಸೋಲಾರ್ ಪ್ಯಾನೆಲ್‌ಗಳಿವೆ. ಮೂರು ಮೂರರ ಎರಡು ಸ್ಟ್ಯಾಂಡು, ಒಟ್ಟು 3.24 ಕಿಲೋವ್ಯಾಟ್. ಕೂರಿಸಿದವರು 15 ಡಿಗ್ರಿ ಓರೆಗೆ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿ ಹೋದರು. ಎರಡು ವರ್ಷ ಹಾಗೇ ಇತ್ತು. ಆಮೇಲೆ ಯಾರೋ "ಚಳಿಗಾಲದಲ್ಲಿ ಎತ್ತರಿಸಿ, ಬೇಸಿಗೆಯಲ್ಲಿ ಇಳಿಸಿ, 15 ಪರ್ಸೆಂಟ್ ಜಾಸ್ತಿ ಬರುತ್ತದೆ" ಅಂದರು. ಆ 15 ಪರ್ಸೆಂಟಿನ ಆಸೆಗೆ ಬಿದ್ದು ನಾನು ಮಾಡಿದ್ದು, ಕೆಡಿಸಿದ್ದು, ಕಡೆಗೆ ಅಳೆದು ನೋಡಿದ್ದು ಇಲ್ಲಿದೆ. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಇದರಿಂದ ವರ್ಷದ ಒಟ್ಟು ಉತ್ಪಾದನೆಗೆ ಸೇರುವುದು ಶೇಕಡಾ 2ರ ಆಸುಪಾಸು. ಅದು ಯಾಕೆ, ಯಾವ ತಿಂಗಳಲ್ಲಿ ಬರುತ್ತದೆ, ಯಾರಿಗೆ ಮಾಡಿದರೆ ಅಡ್ಡಿಯಿಲ್ಲ ಎನ್ನುವುದು ಗೊತ್ತಾದ ಮೇಲೆ ಪಾನಾ ಹಿಡಿಯುವುದು ಒಳ್ಳೆಯದು.

ಸೂರ್ಯ ನಮ್ಮ ನೆತ್ತಿಯ ಮೇಲೆ ಹೇಗೆ ಓಡಾಡುತ್ತಾನೆ

ಶಿರಸಿ ಇರುವುದು ಉತ್ತರ ಅಕ್ಷಾಂಶ 14.6 ಡಿಗ್ರಿಯಲ್ಲಿ, ಕಾರವಾರ 14.8ರಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 38 ಡಿಗ್ರಿ ವಾಲಿರುತ್ತಾನೆ. ಏಪ್ರಿಲ್ ಕೊನೆಗೆ ನೇರ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ. ಮೇ ಮಧ್ಯದಲ್ಲಿ ಅಂಗಳದ ತುಳಸಿಕಟ್ಟೆಯ ನೆರಳು ಮಧ್ಯಾಹ್ನ ದಕ್ಷಿಣಕ್ಕೆ ಬೀಳುವುದನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ, ಹೆಚ್ಚುಕಡಿಮೆ 12:30. ನಾವು ಪಶ್ಚಿಮದ ಅಂಚಿನಲ್ಲಿ ಇರುವುದರಿಂದ ಸೂರ್ಯ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ.

15 ಡಿಗ್ರಿಗೆ ನಿಂತ ಪ್ಯಾನೆಲ್ಲಿಗೆ ಡಿಸೆಂಬರ್ ಮಧ್ಯಾಹ್ನದ ಬಿಸಿಲು 23 ಡಿಗ್ರಿ ಓರೆಯಾಗಿ ಬೀಳುತ್ತದೆ. 23 ಡಿಗ್ರಿ ಕೇಳಲು ದೊಡ್ಡದು, ಆದರೆ ಅದರಿಂದಾಗುವ ನಷ್ಟ ಶೇಕಡಾ 8 ಮಾತ್ರ. ಓರೆ ಸ್ವಲ್ಪ ಇದ್ದಾಗ ನಷ್ಟ ತೀರಾ ನಿಧಾನವಾಗಿ ಏರುತ್ತದೆ: 10 ಡಿಗ್ರಿ ತಪ್ಪಿದರೆ ಶೇಕಡಾ ಒಂದೂವರೆ, 23 ತಪ್ಪಿದರೆ 8, 38 ತಪ್ಪಿದರೆ 21. ನಮ್ಮ ಅಕ್ಷಾಂಶ ಚಿಕ್ಕದು, 15 ಡಿಗ್ರಿಯ ಸ್ಟ್ಯಾಂಡು ಈಗಾಗಲೇ ನಡುಮಧ್ಯದಲ್ಲಿ ನಿಂತಿದೆ. ಹಾಗಾಗಿ ಗಳಿಸಲು ಉಳಿದಿರುವುದೇ ಕಡಿಮೆ. 15 ಪರ್ಸೆಂಟ್ ಅಂದವರು ಬಹುಶಃ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್ಲನ್ನು ಡಿಸೆಂಬರ್ ಮಧ್ಯಾಹ್ನದ ಒಂದು ಗಳಿಗೆಯಲ್ಲಿ ಹೋಲಿಸಿ ಹೇಳಿದ್ದಿರಬೇಕು.

ಇನ್ನೊಂದು ವಿಷಯ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಒಂದು ದಿಕ್ಕಿನಿಂದಲ್ಲ. ಆಗ ಪ್ಯಾನೆಲ್ಲನ್ನು ಎತ್ತ ತಿರುಗಿಸಿದರೂ ಅಷ್ಟೇ. ಜುಲೈನಲ್ಲಿ ಬ್ಯಾಟರಿ ತುಂಬದೆ ಒದ್ದಾಡುವವರಿಗೆ ಓರೆ ಬದಲಿಸುವುದರಿಂದ ಏನೂ ಆಗುವುದಿಲ್ಲ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಆ ದಿನಗಳಿಗೇ ನಮಗೆ ಸೋಲಾರ್ ಬೇಕಾಗಿರುವುದು, ಆದರೆ ಈ ಕೆಲಸದ ಫಲ ಬರುವುದು ಡಿಸೆಂಬರ್, ಜನವರಿಯಲ್ಲಿ.

ನಿಮ್ಮ ಮನೆಗೆ ಆಗುತ್ತದೋ ಇಲ್ಲವೋ

ಹಂಚಿನ ಮಾಡಿನ ಮೇಲೆ, ಶೀಟಿನ ಮೇಲೆ ಕೂರಿಸಿದ ಪ್ಯಾನೆಲ್ಲಿಗೆ ಇದು ಬೇಡ. ಹತ್ತಿ ಕೆಲಸ ಮಾಡುವ ಅಪಾಯಕ್ಕೆ ಆ 2 ಪರ್ಸೆಂಟ್ ಸಮವಲ್ಲ, ಹಂಚು ಒಡೆದರೆ ಮಳೆಗಾಲದಲ್ಲಿ ಸೋರುವುದು ಬೇರೆ. ಕೆಳಗೆ ನಿಂತು ಕೈಗೆಟಕುವಂತಿರುವ ತಾರಸಿಯ ಸ್ಟ್ಯಾಂಡು, ತೋಟದ ಅಂಚಿನ ನೆಲದ ಸ್ಟ್ಯಾಂಡು, ಪಂಪಿನ ಸ್ಟ್ಯಾಂಡು ಇದ್ದರೆ ಮಾತ್ರ ಯೋಚಿಸಿ.

ಅದಕ್ಕಿಂತ ಮುಖ್ಯ, ಸಾಲುಗಳು ಹೇಗಿವೆ ನೋಡಿ. ನಮ್ಮ ಎರಡು ಸ್ಟ್ಯಾಂಡುಗಳು ಪೂರ್ವ ಪಶ್ಚಿಮವಾಗಿ ಅಕ್ಕಪಕ್ಕ ಇರುವುದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. ಒಂದರ ಹಿಂದೆ ಒಂದು ಇದ್ದರೆ ಕತೆ ಬೇರೆ. 228 ಸೆಂಟಿಮೀಟರ್ ಉದ್ದದ ಪ್ಯಾನೆಲ್ಲನ್ನು ಉದ್ದುದ್ದಕ್ಕೆ ನಿಲ್ಲಿಸಿ 28 ಡಿಗ್ರಿಗೆ ಎತ್ತಿದರೆ ಮೇಲಂಚು ಕೆಳಅಂಚಿಗಿಂತ 107 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಬೆಳಗಿನ ಒಂಬತ್ತೂವರೆ ಹೊತ್ತಿಗೆ ಅದರ ನೆರಳು ಉತ್ತರಕ್ಕೆ 110 ಸೆಂಟಿಮೀಟರ್ ಚಾಚುತ್ತದೆ. 15 ಡಿಗ್ರಿಯ ಲೆಕ್ಕದಲ್ಲಿ ಸಾಲು ಹಾಕಿದವರು ನಡುವೆ ಎರಡಡಿ ಬಿಟ್ಟಿರುತ್ತಾರೆ, ಯಾಕೆಂದರೆ ಆ ಓರೆಗೆ 61 ಸೆಂಟಿಮೀಟರ್ ಸಾಕು. ಈಗ ಎತ್ತಿದರೆ ಹಿಂದಿನ ಸಾಲಿನ ಕೆಳಭಾಗಕ್ಕೆ ಬೆಳಿಗ್ಗೆ, ಸಂಜೆ ನೆರಳು ಕೂರುತ್ತದೆ. ಈಗಿನ ಅರ್ಧ ತುಂಡಿನ ಸೆಲ್ ಇರುವ ಪ್ಯಾನೆಲ್‌ಗಳಲ್ಲಿ ಕೆಳಗಿನ ಒಂದು ಸಾಲು ಸೆಲ್ಲಿಗೆ ನೆರಳು ಬಿದ್ದರೂ ಕೆಳಗಿನ ಅರ್ಧ ಪ್ಯಾನೆಲ್ ಹೋದಂತೆ. ಗಳಿಸಿದ್ದಕ್ಕಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. ಹಿಂದೆ ಮುಂದೆ ಸಾಲಿದ್ದು, ನಡುವೆ ಮೂರೂಮುಕ್ಕಾಲು ಅಡಿ ಇಲ್ಲದಿದ್ದರೆ ಕೈ ಹಾಕಬೇಡಿ.

ವಾರಂಟಿ ಕಾಗದವನ್ನೂ ಒಮ್ಮೆ ಓದಿ. ಸ್ಟ್ಯಾಂಡು ಬದಲಿಸಿದರೆ ಹೊಣೆ ನಮ್ಮದಲ್ಲ ಎಂದು ಬರೆದಿರುತ್ತಾರೆ. ನಾನು ಕೂರಿಸಿದವರನ್ನೇ ಕೇಳಿ, ಒಪ್ಪಿಗೆಯನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡೆ.

ಯಾವ ಎರಡು ಓರೆ, ಯಾವಾಗ

ನಾನು ಇಟ್ಟುಕೊಂಡಿರುವುದು 10 ಮತ್ತು 28. ಬರೀ ಬಿಸಿಲಿನ ಲೆಕ್ಕಕ್ಕೆ ಬೇಸಿಗೆಯಲ್ಲಿ ಇನ್ನೂ ಚಪ್ಪಟೆ ಮಾಡಬಹುದು, ಆದರೆ ನಮ್ಮ ಮಳೆಗೆ ಅದು ಆಗದು. 10ಕ್ಕಿಂತ ಕೆಳಗೆ ಇಳಿಸಿದರೆ ನೀರು ಕೆಳಗಿನ ಫ್ರೇಮಿನ ಅಂಚಿನಲ್ಲಿ ನಿಂತು ಒಂದು ಬೆರಳಗಲದ ಕೆಸರಿನ ಗೆರೆ ಕಟ್ಟುತ್ತದೆ. ಒಂದು ಮಳೆಗಾಲ ನಾನು 5 ಡಿಗ್ರಿಯಲ್ಲಿ ಬಿಟ್ಟು ನೋಡಿದ್ದೆ. ಆಗಸ್ಟ್ ಹೊತ್ತಿಗೆ ಆ ಗೆರೆಯಲ್ಲಿ ಹಸಿರು ಪಾಚಿ ಬೆಳೆದು, ಉಗುರಿನಲ್ಲಿ ಕೆರೆದರೂ ಏಳಲಿಲ್ಲ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕಾಯಿತು.

ದಿನಾಂಕಕ್ಕೆ ಪಂಚಾಂಗ ನೋಡುವಷ್ಟು ಖಚಿತತೆ ಬೇಡ. 10 ಮತ್ತು 28 ಸಮವಾಗುವುದು ಅಕ್ಟೋಬರ್ ಮೊದಲ ವಾರ ಮತ್ತು ಮಾರ್ಚ್ ಎರಡನೇ ವಾರ. ಹತ್ತು ಹದಿನೈದು ದಿನ ಆಚೀಚೆ ಆದರೆ ವರ್ಷಕ್ಕೆ ಒಂದೆರಡು ಯೂನಿಟ್ಟು ಹೋಗಬಹುದು, ಅಷ್ಟೇ. ನಾನು ಎತ್ತುವುದು ಗುಡುಗು ಮಳೆ ನಿಂತ ಮೇಲೆ, ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ. ಇಳಿಸುವುದು ಹೋಳಿಯ ಆಸುಪಾಸು. ಇಳಿಸುವುದನ್ನು ಮಾತ್ರ ತಡ ಮಾಡಬೇಡಿ, ಅದಕ್ಕೆ ಕಾರಣ ಬಿಸಿಲಲ್ಲ, ಗಾಳಿ. ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಗಾಳಿ ಉತ್ತರದಿಂದ ಹಿಂಬದಿಗೆ ನುಗ್ಗಿದರೆ 28ಕ್ಕೆ ನಿಂತ ಸ್ಟ್ಯಾಂಡು ಗಾಳಿಪಟದ ಹಾಗೆ ಏಳಲು ನೋಡುತ್ತದೆ.

ಕಾಲಿನ ಉದ್ದ ತೆಗೆಯುವುದು

ಇದೇ ಕೆಲಸದ ಜೀವಾಳ, ನಾನು ಎಡವಿದ್ದೂ ಇಲ್ಲೇ. ಸ್ಟ್ಯಾಂಡಿನ ಮುಂದಿನ ಕಾಲಿನ ತಲೆಯಲ್ಲಿ ಒಂದು ಬೋಲ್ಟು ಕೀಲಿನಂತೆ ಕೆಲಸ ಮಾಡಬೇಕು. ಹಿಂದಿನ ಕಾಲು ಬದಲಾಗಬೇಕು. ಮೊದಲು ಅಳೆಯಬೇಕಾದದ್ದು ಮುಂದಿನ ಕೀಲಿನ ಬೋಲ್ಟಿನಿಂದ ಹಿಂದಿನ ಕಾಲು ಸೇರುವ ಬೋಲ್ಟಿನವರೆಗೆ, ಪ್ಯಾನೆಲ್ ಹೊತ್ತ ಓರೆ ಪಟ್ಟಿಯ, ಅಂದರೆ ರೈಲಿನ ಉದ್ದಕ್ಕೂ ಎಷ್ಟಿದೆ ಎಂದು. ನಮ್ಮಲ್ಲಿ ಅದು 160 ಸೆಂಟಿಮೀಟರ್. ಕೀಲು ತಾರಸಿಯಿಂದ 40 ಸೆಂಟಿಮೀಟರ್ ಎತ್ತರದಲ್ಲಿದೆ. ಅದಕ್ಕಿಂತ ಕೆಳಗಿದ್ದರೆ 28ಕ್ಕೆ ಎತ್ತಿದಾಗ ಪ್ಯಾನೆಲ್ಲಿನ ಕೆಳಅಂಚು ತಾರಸಿಗೆ ತೀರಾ ಹತ್ತಿರ ಬರುತ್ತದೆ: ಕೀಲಿನಿಂದ ಕೆಳಗೆ 34 ಸೆಂಟಿಮೀಟರ್ ಪ್ಯಾನೆಲ್ ಇದ್ದು, ಅದು 16 ಸೆಂಟಿಮೀಟರ್ ಇಳಿಯುತ್ತದೆ.

ಕೀಲಿನ ಮಟ್ಟದಿಂದ ಹಿಂದಿನ ಬೋಲ್ಟು ಎಷ್ಟು ಮೇಲೆ ಹೋಗಬೇಕು ಎನ್ನುವುದಕ್ಕೆ ಒಂದೇ ಸೂತ್ರ:

```
ಎತ್ತರ = ರೈಲಿನ ಉದ್ದ × sin(ಓರೆ)
160 × sin(10°) = 27.8 ಸೆಂ.ಮೀ
160 × sin(28°) = 75.1 ಸೆಂ.ಮೀ
```

ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕುವಾಗ ಅದು ಡಿಗ್ರಿಯಲ್ಲಿ ಇದೆಯೇ ನೋಡಿಕೊಳ್ಳಿ. ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ 28ಕ್ಕೆ 43 ಸೆಂಟಿಮೀಟರ್ ಅನ್ನುತ್ತದೆ. ತಪ್ಪು ಅಂತ ಅನಿಸುವುದೇ ಇಲ್ಲ, ಆದರೆ ಆ ಎತ್ತರಕ್ಕೆ ಕಾಲು ಕೊಯ್ಸಿದರೆ ಓರೆ 16 ಡಿಗ್ರಿಯೂ ಆಗುವುದಿಲ್ಲ, ಅಂದರೆ ಇದ್ದಲ್ಲೇ ಇದ್ದ ಹಾಗೆ. 10ಕ್ಕೆ ಹಾಕಿದಾಗ ಉತ್ತರ ಮೈನಸ್ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದು ತಿಳಿಯಿರಿ.

ಕೀಲಿನ 40 ಸೇರಿಸಿದರೆ ಗಿಡ್ಡ ಕಾಲು 67.8, ಉದ್ದ ಕಾಲು 115.1 ಎಂದು ಬರೆದುಕೊಂಡು ವೆಲ್ಡಿಂಗ್ ಶಾಪಿಗೆ ಹೋದೆ. ಅವರು ಕಾಲಿನ ಬುಡದ ಪ್ಲೇಟನ್ನು ಕಾಲಿಗೇ ನೆಟ್ಟಗೆ ವೆಲ್ಡ್ ಮಾಡಿ ಕೊಟ್ಟರು. ತಂದು ನಿಲ್ಲಿಸಿದರೆ ಗಿಡ್ಡ ಕಾಲು ಸರಿ ಕೂತಿತು, ಉದ್ದ ಕಾಲಿನ ತೂತು ರೈಲಿನ ತೂತಿಗೆ ಅರ್ಧ ಅಡಿಗೂ ಹೆಚ್ಚು ದೂರ! ತಪ್ಪು ಅವರದ್ದಲ್ಲ, ನನ್ನ ನಕ್ಷೆಯದ್ದು. ರೈಲು ಎದ್ದಾಗ ಅದರ ಹಿಂದಿನ ತುದಿ ಮೇಲೆ ಹೋಗುವುದರ ಜೊತೆಗೆ ಮುಂದಕ್ಕೂ ಬರುತ್ತದೆ. ನಮ್ಮ ಅಳತೆಯಲ್ಲಿ ಹತ್ತಿರ ಹತ್ತಿರ 16 ಸೆಂಟಿಮೀಟರ್ ಮುಂದೆ. ಹಾಗಾಗಿ ಕಾಲಿನ ಬುಡದಲ್ಲೂ ಒಂದು ಕೀಲು ಬೇಕು, ಕಾಲು ಸ್ವಲ್ಪ ದಕ್ಷಿಣಕ್ಕೆ ವಾಲಿ ನಿಲ್ಲಬೇಕು. ವಾಲುವುದರಿಂದ ಉದ್ದ ಕಾಲು 115.1 ಅಲ್ಲ, 116.2 ಬೇಕಾಗುತ್ತದೆ. ಒಂದು ಸೆಂಟಿಮೀಟರ್ ತಾನೇ ಅನ್ನಬೇಡಿ, ಬೋಲ್ಟು ತೂರುವುದಿಲ್ಲ.

ಪ್ಲೇಟು ಬಿಡಿಸಿ, ತಾರಸಿಗೆ ಕೂರಿಸಿದ ಬುಡಕ್ಕೆ ಎರಡು ಕಿವಿ ಹಚ್ಚಿಸಿ, ನಡುವೆ 12 ಎಂಎಂ ಬೋಲ್ಟು ಹಾಕಿದ ಮೇಲೆ ಎಲ್ಲ ಕೂತಿತು. ಒಂದರೊಳಗೊಂದು ಜಾರುವ ಪೈಪಿನ ಕಾಲು ಮಾಡಿಸೋಣ ಎಂದೂ ಯೋಚಿಸಿದ್ದೆ. ಗಿಡ್ಡ ಅಳತೆ 68, ಉದ್ದ ಅಳತೆ 116 ಆದಾಗ ಪೂರ್ತಿ ಎಳೆದ ಪೈಪುಗಳು ಒಂದಕ್ಕೊಂದು ಹಿಡಿದುಕೊಳ್ಳಲು ಉಳಿಯುವುದು ಹೆಚ್ಚೆಂದರೆ 20 ಸೆಂಟಿಮೀಟರ್, ಗಾಳಿಗೆ ಅಲ್ಲಾಡುತ್ತದೆ. ಅದಕ್ಕೇ ಎರಡು ಜೊತೆ ಕಾಲು ಮಾಡಿಸಿ, ಬೇಡದ ಜೊತೆಯನ್ನು ಅಟ್ಟದ ಮೇಲೆ ಇಡುವುದು. ಒಟ್ಟು ಆರೂವರೆ ಸಾವಿರ ಖರ್ಚಾಯಿತು.

ಎತ್ತುವ ದಿನ

ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ಐದರ ಮೇಲೆ ಮಾಡಿ. ಗಾಳಿ ಇರುವ ದಿನ ಬೇಡ. ಮೂರು ಜನ ಬೇಕು: ಇಬ್ಬರು ಎತ್ತಲು, ಒಬ್ಬರು ಕಾಲು ಸಿಕ್ಕಿಸಲು. ಒಂದೊಂದು ಪ್ಯಾನೆಲ್ 27–28 ಕಿಲೋ ತೂಗುತ್ತದೆ. ಮೂರು ಪ್ಯಾನೆಲ್, ರೈಲು ಸೇರಿ ಒಂದು ಸ್ಟ್ಯಾಂಡಿನ ಮೇಲೆ ನೂರು ಕಿಲೋ ದಾಟುತ್ತದೆ. ಮುಂದೆ ಕೀಲಿರುವುದರಿಂದ ಮೇಲಂಚಿನಲ್ಲಿ ಕೈಗೆ ಬರುವ ಭಾರ 43 ಕಿಲೋ ಆಸುಪಾಸು. ಇಬ್ಬರಿಗೆ ಅದು ಹೆಚ್ಚಲ್ಲ, ಆದರೆ ಹಿಡಿದುಕೊಂಡು ನಿಂತಿರುವುದು ಕಷ್ಟ. ಒಂದು ಗಟ್ಟಿ ಮರದ ಊರುಗೋಲನ್ನು 120 ಸೆಂಟಿಮೀಟರಿಗೆ ಕೊಯ್ದು ಪಕ್ಕದಲ್ಲೇ ಇಟ್ಟುಕೊಳ್ಳಿ, ಎತ್ತಿದ ಕೂಡಲೇ ರೈಲಿನಡಿಗೆ ಕೊಟ್ಟುಬಿಡಿ.

ಮೊದಲು ಇನ್ವರ್ಟರಿನ ಎಸಿ ಸ್ವಿಚ್ ಆರಿಸಿ, ಆಮೇಲೆ ಪ್ಯಾನೆಲ್ಲಿನಿಂದ ಇನ್ವರ್ಟರಿಗೆ ಬರುವ ಕರೆಂಟು ತಡೆಯುವ ಸ್ವಿಚ್ಚು, ಡಿಸಿ ಐಸೊಲೇಟರ್ ತಿರುಗಿಸಿ. ಪ್ಯಾನೆಲ್ಲಿನ ವೈರಿನ ಕನೆಕ್ಟರುಗಳನ್ನು ಬಿಚ್ಚುವ ಅಗತ್ಯವೇ ಇಲ್ಲ, ಬಿಚ್ಚಲೂ ಬೇಡಿ. ಕರೆಂಟು ಹರಿಯುತ್ತಿರುವಾಗ ಅದನ್ನು ಎಳೆದರೆ ಕಿಡಿ ಹಾರುವುದಲ್ಲ, ಬೆಂಕಿಯೇ ನಿಂತು ಉರಿಯುತ್ತದೆ. ಐಸೊಲೇಟರ್ ಆರಿಸಿದರೂ ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್ಲಿನ ವೈರಿನಲ್ಲಿ ವೋಲ್ಟೇಜು ಇದ್ದೇ ಇರುತ್ತದೆ.

ಆಮೇಲೆ ವೈರು ನೋಡಿ. ಮೊದಲ ಸಲ ನಾವು ಇದನ್ನು ಮರೆತೆವು. ಅರ್ಧ ಎತ್ತಿದಾಗ ಹಿಂಬದಿಯಲ್ಲಿ ಏನೋ "ಟಕ್" ಅಂದಿತು. ನೋಡಿದರೆ ಅರ್ತಿಂಗ್ ವೈರು ವೀಣೆಯ ತಂತಿಯ ಹಾಗೆ ಬಿಗಿದು, ಅದರ ತುದಿಯ ಲಗ್ಗು ಫ್ರೇಮಿನಿಂದ ಕಿತ್ತು ಬಂದಿತ್ತು. ಅರ್ತಿಂಗ್ ಇಲ್ಲದೆ ಗುಡುಗಿನ ಕಾಲಕ್ಕೆ ಬಿಡುವುದು ಯೋಚಿಸುವ ಮಾತೇ ಅಲ್ಲ. ಈಗ ಅರ್ತಿಂಗಿಗೂ ಡಿಸಿ ವೈರಿಗೂ ಒಂದೂವರೆ ಅಡಿ ಸಡಿಲ ಬಿಟ್ಟು, ಅದನ್ನು ರೈಲಿನ ಕೆಳಗೆ ಸುರುಳಿ ಮಾಡಿ ಕಟ್ಟಿಟ್ಟಿದ್ದೇನೆ. ಎತ್ತುವ ಮೊದಲು ಟೈ ಬಿಚ್ಚುವುದು, ಎತ್ತಿದ ಮೇಲೆ ಮತ್ತೆ ಕಟ್ಟುವುದು.

ಮುಂದಿನ ಕೀಲಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಹಿಂದಿನ ಕಾಲಿನ ಮೇಲಿನ ಬೋಲ್ಟು ತೆಗೆದು, ಎತ್ತಿ, ಊರುಗೋಲು ಕೊಟ್ಟು, ಗಿಡ್ಡ ಕಾಲು ಬಿಚ್ಚಿ ಉದ್ದದ್ದನ್ನು ಬುಡಕ್ಕೆ ಹಾಕಿ, ಕಡೆಗೆ ಮೇಲಿನ ಬೋಲ್ಟು ತೂರಿಸಿ. ಎಲ್ಲ ಕಾಲಿನ ಬೋಲ್ಟು ಒಳಹೋದ ಮೇಲೆ ಬಿಗಿಯಿರಿ. ಒಂದನ್ನು ಮೊದಲೇ ಬಿಗಿದರೆ ಸ್ಟ್ಯಾಂಡು ತಿರುಚಿಕೊಂಡು ಇನ್ನೊಂದರ ತೂತು ಸಿಗುವುದಿಲ್ಲ, ಜೊತೆಗೆ ಗಾಜಿನ ಮೇಲೂ ಒತ್ತಡ ಬೀಳುತ್ತದೆ. ಸ್ಪ್ರಿಂಗ್ ವಾಶರ್ ಪ್ರತಿ ಸಲ ಹೊಸದು ಹಾಕಿ.

ಓರೆ ನೋಡಲು ಮೊಬೈಲಿನ ಮಟ್ಟ ನೋಡುವ ಆ್ಯಪ್ ಸಾಕು. ಮೊಬೈಲನ್ನು ಬೆನ್ನಿನ ಮೇಲೆ ಗಾಜಿಗೆ ಇಟ್ಟರೆ ಕ್ಯಾಮೆರಾದ ಉಬ್ಬು ಒಂದೆರಡು ಡಿಗ್ರಿ ಸುಳ್ಳು ಹೇಳುತ್ತದೆ. ಅದರ ಉದ್ದನೆಯ ಅಂಚನ್ನು ಪ್ಯಾನೆಲ್ಲಿನ ಅಲ್ಯೂಮಿನಿಯಂ ಫ್ರೇಮಿಗೆ ತಾಗಿಸಿ, ಒಮ್ಮೆ ಓದಿ, ಮೊಬೈಲನ್ನು ತಿರುಗಿಸಿ ಮತ್ತೊಮ್ಮೆ ಓದಿ. 26 ಬಂದರೂ 30 ಬಂದರೂ ತಲೆ ಕೆಡಿಸಿಕೊಳ್ಳಬೇಡಿ. ಎರಡು ಸ್ಟ್ಯಾಂಡಿನದೂ ಒಂದೇ ಬಂದರೆ ಸಾಕು. ಒಂದನ್ನು ಎತ್ತಿ, ಕತ್ತಲಾಯಿತೆಂದು ಇನ್ನೊಂದನ್ನು ಮುಂದಿನ ವಾರಕ್ಕೆ ಬಿಡುವ ಅಭ್ಯಾಸ ಮಾತ್ರ ಬೇಡ. ಆರೂ ಪ್ಯಾನೆಲ್ ಒಂದೇ ಸರಣಿಯಲ್ಲಿದ್ದರೆ ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ, ಬಿಸಿಲು ಕಡಿಮೆ ಬಿದ್ದ ಪ್ಯಾನೆಲ್ಲು ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಎರಡು ಸ್ಟ್ಯಾಂಡಿಗೆ ಈಗ ಒಂದೂಕಾಲು ಗಂಟೆ ಸಾಕು. ಮೊದಲ ಸಲ ಒಂದು ದಿನ ಹೋಗಿತ್ತು.

ನಿಜಕ್ಕೂ ಬಂತೋ ಇಲ್ಲವೋ ಅಳೆಯುವುದು

ಇನ್ವರ್ಟರಿನ ಆ್ಯಪ್ ತೆರೆದು ಹೋದ ಡಿಸೆಂಬರಿಗೂ ಈ ಡಿಸೆಂಬರಿಗೂ ಹೋಲಿಸಿ "ಬಂತು ನೋಡಿ" ಅನ್ನುವುದು ಎಲ್ಲರೂ ಮಾಡುವ ತಪ್ಪು. ಏನೂ ಮುಟ್ಟದಿದ್ದ ಮೊದಲೆರಡು ವರ್ಷದಲ್ಲೇ ನಮ್ಮ ಡಿಸೆಂಬರ್ ಒಮ್ಮೆ 371 ಯೂನಿಟ್, ಇನ್ನೊಮ್ಮೆ 402. ಬರೀ ಮೋಡ, ಮಂಜಿನಿಂದ ಶೇಕಡಾ 8 ವ್ಯತ್ಯಾಸ. ಅದರೊಳಗೆ 5 ಪರ್ಸೆಂಟಿನ ಗಳಿಕೆಯನ್ನು ಹುಡುಕುವುದು ಹೇಗೆ?

ನಾನು ಮಾಡಿದ್ದು ಇಷ್ಟು. ಹಳೇ ಬೇಲಿ ಮಶೀನಿನದ್ದೊಂದು 12 ವೋಲ್ಟಿನ 50 ವ್ಯಾಟ್ ಪ್ಯಾನೆಲ್ ಅಟ್ಟದಲ್ಲಿ ಬಿದ್ದಿತ್ತು. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಆ ಪ್ಯಾನೆಲ್ಲಿನ ಎರಡು ತುದಿಗೆ ನೇರ ಕೊಟ್ಟರೆ ಮೀಟರು ತೋರಿಸುವ ಕರೆಂಟು ಅದರ ಮೇಲೆ ಬೀಳುವ ಬೆಳಕಿಗೆ ಸರಿಯಾಗಿ ಏರಿಳಿಯುತ್ತದೆ. ಚಿಕ್ಕ ಪ್ಯಾನೆಲ್ಲಿಗೆ ಇದರಿಂದ ಏನೂ ಆಗುವುದಿಲ್ಲ. ಮನೆಯ ದೊಡ್ಡ ಸರಣಿಯ ಮೇಲೆ ಮಾತ್ರ ಈ ಪ್ರಯೋಗ ಖಂಡಿತ ಬೇಡ. ಒಂದೇ ನಿಮಿಷದೊಳಗೆ 15ಕ್ಕೆ ಹಿಡಿದು ಒಂದು ಸಲ, 28ಕ್ಕೆ ಹಿಡಿದು ಒಂದು ಸಲ ಓದಿದರೆ ಮೋಡ, ಮಂಜಿನ ತಕರಾರು ಇರುವುದಿಲ್ಲ.

ಡಿಸೆಂಬರ್ ಮೂರನೇ ವಾರದ ಒಂದು ತಿಳಿ ಮಧ್ಯಾಹ್ನ ಹನ್ನೆರಡೂವರೆಗೆ 15 ಡಿಗ್ರಿಯಲ್ಲಿ 2.52 ಆಂಪಿಯರ್, 28ರಲ್ಲಿ 2.66. ಅಂದರೆ ಶೇಕಡಾ ಐದೂವರೆ ಹೆಚ್ಚು. ಮೂರು ಗಂಟೆಗೆ 1.91 ಇದ್ದದ್ದು 2.04 ಆಯಿತು, ಹತ್ತಿರ ಹತ್ತಿರ ಶೇಕಡಾ 7. ಸೂರ್ಯ ಇಳಿದಷ್ಟೂ ಓರೆಯ ಲಾಭ ಹೆಚ್ಚು, ಆದರೆ ಆಗ ಒಟ್ಟು ಬೆಳಕೇ ಕಡಿಮೆ. ಜುಲೈನಲ್ಲಿ ಮಳೆ ಬಿಟ್ಟು ಮೋಡ ಕವಿದಿದ್ದ ಹೊತ್ತಿಗೆ ಅದೇ ಪ್ಯಾನೆಲ್ಲನ್ನು ಹಿಡಿದೆ: 10ಕ್ಕೆ 0.63, 15ಕ್ಕೆ 0.62, 28ಕ್ಕೆ 0.60. ನನ್ನ ಅಳಿಯ ಮೀಟರು ಹಾಳಾಗಿದೆ ಎಂದೇ ಅಂದುಕೊಂಡಿದ್ದ.

ಇಂಥ ಅಳತೆಗಳನ್ನು ಸೂರ್ಯನ ಲೆಕ್ಕದ ಜೊತೆ ಸೇರಿಸಿ, ನಮ್ಮ ತಿಂಗಳವಾರು ಯೂನಿಟ್ಟಿಗೆ ಹಚ್ಚಿ ನೋಡಿದೆ. ಡಿಸೆಂಬರ್ ಜನವರಿಯಲ್ಲಿ ತಿಂಗಳಿಗೆ ಶೇಕಡಾ 5ರ ಹತ್ತಿರ, ಅಂದರೆ ಎರಡೂ ಸೇರಿ 37 ಯೂನಿಟ್. ನವೆಂಬರ್ 13, ಫೆಬ್ರವರಿ 8. ಇಳಿಸಿದ ಮೇಲೆ ಮೇ ತಿಂಗಳಲ್ಲಿ 10, ಏಪ್ರಿಲ್‌ನಲ್ಲಿ ನಾಲ್ಕೇ ನಾಲ್ಕು. ಇಡೀ ಮಳೆಗಾಲ ಹನ್ನೊಂದು. ಅಕ್ಟೋಬರ್, ಮಾರ್ಚ್‌ನ ಚೂರುಪಾರು ಸೇರಿ ವರ್ಷಕ್ಕೆ 87. ನಮ್ಮ ವರ್ಷದ ಉತ್ಪಾದನೆ 4,150 ಯೂನಿಟ್ಟಿನ ಆಸುಪಾಸು, ಹಾಗಾಗಿ ಶೇಕಡಾ 2.1. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 520 ರೂಪಾಯಿ. ಕಾಲು ಮಾಡಿಸಿದ ಆರೂವರೆ ಸಾವಿರ ಹುಟ್ಟಲು ಹನ್ನೆರಡು ವರ್ಷ ಬೇಕು! ಎತ್ತಲು ಬಂದ ಅಳಿಯ ಅವಲಕ್ಕಿ ತಿನ್ನುತ್ತಾ "ಮಾವಾ, ಕಡೇಗೆ ಎಷ್ಟಾತು?" ಎಂದು ಕೇಳಿದ. ಹೇಳಿದೆ. ಅವನು ಇನ್ನೊಂದು ಚಮಚ ಮೊಸರು ಹಾಕಿಕೊಂಡ.

ಹಳೇ ಸ್ಟ್ಯಾಂಡು 5 ಡಿಗ್ರಿಗೋ ಮಟ್ಟಸವಾಗಿಯೋ ಇದ್ದವರಿಗೆ ಲೆಕ್ಕ ಬೇರೆ. ಅವರು 28ಕ್ಕೆ ಎತ್ತಿದರೆ ಡಿಸೆಂಬರಿನಲ್ಲಿ ಶೇಕಡಾ 12, ಅದಕ್ಕಿಂತ ಹೆಚ್ಚೂ ಕಾಣಬಹುದು. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದೇ ಸಲ 15ರಿಂದ 18 ಡಿಗ್ರಿಗೆ ಎತ್ತಿ ಶಾಶ್ವತವಾಗಿ ಬಿಗಿದುಬಿಟ್ಟರೂ ಸಿಗುತ್ತದೆ. ಅವರಿಗೆ ನನ್ನ ಸಲಹೆ ಅದೇ. ಹೊಸದಾಗಿ ಸ್ಟ್ಯಾಂಡು ಮಾಡಿಸುವವರಿಗೂ ಅದೇ.

ವರ್ಷಕ್ಕೆರಡು ಸಲ ಬದಲಿಸುವುದರಿಂದ ನಿಜವಾದ ಉಪಯೋಗ ನೋಡಿದ್ದು ತೋಟದ ಡಿಸಿ ಪಂಪಿನವರಲ್ಲಿ. ಬ್ಯಾಟರಿ ಇಲ್ಲದೆ ಬಿಸಿಲಿಗೇ ನೇರ ಓಡುವ ಪಂಪು ಅದು. ಅಡಿಕೆಗೆ ನೀರು ಬಿಡಲು ಶುರು ಮಾಡುವ ಡಿಸೆಂಬರ್ ಜನವರಿಯಲ್ಲಿ ಬೆಳಿಗ್ಗೆ ಅದು ಸ್ವಲ್ಪ ಬೇಗ ಎತ್ತಿಕೊಳ್ಳುತ್ತದೆ, ಸಂಜೆ ಸ್ವಲ್ಪ ತಡವಾಗಿ ನಿಲ್ಲುತ್ತದೆ. ನೆಲದ ಮೇಲಿನ ಒಂದೇ ಸ್ಟ್ಯಾಂಡಾದ್ದರಿಂದ ಬದಲಿಸುವುದೂ ಅರ್ಧ ಗಂಟೆಯ ಕೆಲಸ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರಿಗೆ

ಬಿಸಿಲಿನ ಲೆಕ್ಕ ಘಟ್ಟದ ಮೇಲೂ ಕೆಳಗೂ ಒಂದೇ. ಆದರೆ ಕಡಲತೀರದಲ್ಲಿ ನಾನು ಇದನ್ನು ಮಾಡುತ್ತಿರಲಿಲ್ಲ. ಕಾರವಾರದಲ್ಲಿ ತಂಗಿಯ ಮನೆ ಸಮುದ್ರಕ್ಕೆ ಹತ್ತಿರ. ಅಲ್ಲಿಯ ಸ್ಟ್ಯಾಂಡಿನ ಸಾದಾ ಜಿಐ ಬೋಲ್ಟು ಎರಡೇ ವರ್ಷದಲ್ಲಿ ಉಪ್ಪುಗಾಳಿಗೆ ನಟ್ಟಿನ ಸಮೇತ ಒಂದೇ ಗಡ್ಡೆಯಾಗಿತ್ತು, ಕೊಯ್ದು ತೆಗೆಯಬೇಕಾಯಿತು. ಬಿಚ್ಚಿ ಹಾಕುವ ಪ್ರತಿ ಸಂದಿಯೂ ಅಲ್ಲಿ ತುಕ್ಕಿಗೆ ಬಾಗಿಲು. ಮಾಡಲೇಬೇಕೆಂದಿದ್ದರೆ 316 ದರ್ಜೆಯ ಸ್ಟೀಲ್ ಬೋಲ್ಟು ಹಾಕಿ, ಅದರ ಥ್ರೆಡ್ಡಿಗೆ ಗ್ರೀಸ್ ಹಚ್ಚಿ. ಗ್ರೀಸಿಲ್ಲದೆ ಬಿಗಿದರೆ ಸ್ಟೀಲಿನ ನಟ್ಟು ಬೋಲ್ಟು ಒಂದಕ್ಕೊಂದು ಕಚ್ಚಿಕೊಂಡು ತಿರುಗದೆ ನಿಲ್ಲುತ್ತವೆ.

ಗಾಳಿಯದ್ದೂ ಇದೆ. 2019ರ ಕ್ಯಾರ್ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದದ್ದು ಅಕ್ಟೋಬರ್ ಕೊನೆಗೆ, ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದದ್ದು 2021ರ ಮೇ ಮಧ್ಯದಲ್ಲಿ. ಹಾಗಾಗಿ ಕಡಲ ಕಡೆಯವರು ಎತ್ತುವುದಿದ್ದರೂ ನವೆಂಬರ್ ಎರಡನೇ ವಾರದ ಮೇಲೆ, ಇಳಿಸುವುದು ಮಾರ್ಚ್ ದಾಟದಂತೆ. ಅಷ್ಟು ತಡ ಮಾಡಿದರೆ ಹೋಗುವುದು ಕೆಲವು ಯೂನಿಟ್ಟು ಮಾತ್ರ. ಅದಕ್ಕಿಂತ ತಿಂಗಳಿಗೊಮ್ಮೆ ಸಿಹಿನೀರು ಹೊಯ್ದು ಮೆತ್ತನೆ ಬಟ್ಟೆಯಲ್ಲಿ ಉಪ್ಪಿನ ಪೊರೆ, ಕಾಗೆಯ ಹಿಕ್ಕೆ ಒರೆಸಿದರೆ ಹೆಚ್ಚು ಬರುತ್ತದೆ.

ನಮ್ಮನೆಯಲ್ಲೂ ಹಾಗೇ ಆಯಿತು. ಎತ್ತಿದ ಮೊದಲ ವರ್ಷ ಸಂಜೆ ಮೂರೂವರೆಗೆ ತಾರಸಿಗೆ ಹೋದಾಗ ನೈಋತ್ಯದ ಹಲಸಿನ ಕೊಂಬೆಯೊಂದರ ನೆರಳು ಎರಡು ಪ್ಯಾನೆಲ್ಲಿನ ಮೇಲೆ ಕೂತಿರುವುದು ಕಂಡಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ಮಾತ್ರ ಬೀಳುವ ನೆರಳು, ಅದಕ್ಕೇ ಅಲ್ಲಿಯವರೆಗೆ ಗಮನಕ್ಕೆ ಬಂದಿರಲಿಲ್ಲ. ಕೊಂಬೆ ಕಡಿಸಿದ್ದಕ್ಕೆ ದಿನಕ್ಕೆ ಅರ್ಧ ಯೂನಿಟ್ಟು ಬಂತು. ಕಾಲು ಬದಲಿಸಿ ಡಿಸೆಂಬರಿನಲ್ಲಿ ದಿನಕ್ಕೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಕಡಿದವನಿಗೆ ಕೊಟ್ಟದ್ದು ನಾನೂರು ರೂಪಾಯಿ, ಮೇಲೆ ಎರಡು ಹಲಸಿನಕಾಯಿ.

ಉದ್ದ ಕಾಲುಗಳನ್ನು ಈ ಸಲ ಅಟ್ಟದಿಂದ ಇಳಿಸಿ ನೋಡಿದೆ. ಒಂದರ ಕಿವಿಯ ವೆಲ್ಡಿಂಗ್ ಸುತ್ತ ತುಕ್ಕು ಕಾಣಿಸಿಕೊಂಡಿದೆ. ಉಜ್ಜಿ, ಜಿಂಕ್ ಪೇಂಟ್ ಹೊಡೆದು ಒಣಗಲು ಇಟ್ಟಿದ್ದೇನೆ. ಭಾನುವಾರ ಅಳಿಯ ಬರುತ್ತಾನೆ.